ಕಣದ ಮಾತು ಕಣದಲ್ಲೇ ಮುಗಿಯಲಿ

ಗಂಡ-ಹೆಂಡತಿ ಒಂದೇ ಕಡೆ ದುಡಿಯುವಾಗ ಕೆಲಸದ ಜಗಳ ಮನೆಯ ಹೊಸ್ತಿಲು ದಾಟದಂತೆ ನೋಡಿಕೊಳ್ಳುವುದು ಹೇಗೆ?

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸುತ್ತ ಅಡಿಕೆ ಕೊಯ್ಲು ಶುರುವಾಯಿತೆಂದರೆ ಖೇಣಿ ಮಾಡುವ ಮನೆಗಳಲ್ಲಿ ಹಗಲು-ರಾತ್ರಿಯ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ತೋಟದಲ್ಲಿ ಕೊಯ್ಲು, ಮಧ್ಯಾಹ್ನ ತೂಕ, ಆಮೇಲೆ ಸುಲಿಯುವುದು, ಬೇಯಿಸುವುದು, ಮರುದಿನ ಕಣದಲ್ಲಿ ಒಣಹಾಕುವುದು. ಬಹುತೇಕ ಕಡೆ ಇದು ಗಂಡ-ಹೆಂಡತಿ ಕೂಡಿ ನಡೆಸುವ ವ್ಯವಹಾರ. ಗಂಡ ತೋಟ ನೋಡಿ ಮಾತು ಮುಗಿಸುತ್ತಾನೆ. ಹೆಂಡತಿ ತೂಕದ ಚೀಟಿ, ಕೂಲಿಯ ಬಟವಾಡೆ, ಮುಂಗಡದ ಲೆಕ್ಕ ನೋಡಿಕೊಳ್ಳುತ್ತಾಳೆ. ಬೋರ್ಡು ಇರಲಿ ಬಿಡಲಿ, ಅದೊಂದು ಕಂಪನಿಯೇ.

ಅಂಥ ಒಂದು ಮನೆಯನ್ನು ಕಣ್ಣೆದುರು ತಂದುಕೊಳ್ಳೋಣ. ಇದು ಯಾರೋ ಒಬ್ಬರ ಕಥೆಯಲ್ಲ, ನಮ್ಮ ಕಡೆಯ ಹಲವು ಮನೆಗಳಲ್ಲಿ ನಡೆಯುವುದನ್ನು ಸೇರಿಸಿ ಹೆಣೆದದ್ದು. ರಾತ್ರಿ ಒಂಬತ್ತು ಗಂಟೆ. ಮಗಳು ನಡುಮನೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದಾಳೆ. ಅತ್ತೆ ಟಿವಿ ಮುಂದೆ ಕೂತಿದ್ದಾರೆ. ಗಂಡ ತಟ್ಟೆಯ ಮುಂದೆ ಕೂತ ಕೂಡಲೇ ಹೆಂಡತಿ ಕೇಳುತ್ತಾಳೆ:

"ಹದಿಮೂರು ಕೆ.ಜಿ.ಗೆ ಒಪ್ಪಿಕೊಂಡು ಬಂದ್ರಂತೆ, ಹೌದೇನ್ರೀ?"

"ಹೂಂ. ಇಲ್ಲಾಂದ್ರೆ ತೋಟ ಬೇರೆಯವರ ಪಾಲಾಗ್ತಿತ್ತು."

"ನನಗೊಂದು ಮಾತು ಹೇಳಬಾರದಿತ್ತಾ?"

"ತೋಟದ ಯಜಮಾನರ ಎದುರು ನಿಂತು ನಿನಗೆ ಫೋನ್ ಮಾಡಿ ಕೇಳಲಾ? ಅವರು ಏನಂದ್ಕೋತಾರೆ?"

ಇಲ್ಲಿಂದ ಮಾತು ಅಡಿಕೆಯನ್ನು ಬಿಟ್ಟು ಹೊರಡುತ್ತದೆ. ಹೋದ ವರ್ಷದ ಸಾಲ, ಅವಳ ಅಣ್ಣನ ಮದುವೆಗೆ ಕೊಟ್ಟ ದುಡ್ಡು, ಇವನ ತಮ್ಮನಿಗೆ ಕೊಡಿಸಿದ ಬೈಕು, ಕೊನೆಗೆ "ನಿಮ್ಮ ಮನೆಯವರೇ ಹಾಗೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮಗಳು ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಾಳೆ. ತಟ್ಟೆಯಲ್ಲಿ ಮುದ್ದೆ ತಣ್ಣಗಾಗುತ್ತದೆ. ಬೆಳಿಗ್ಗೆ ಆರು ಗಂಟೆಗೆ ಇಬ್ಬರೂ ಮತ್ತೆ ಅದೇ ಕಣದಲ್ಲಿ ಮುಖಾಮುಖಿ ನಿಲ್ಲಬೇಕು.

ಬೇರೆ ಬೇರೆ ಕಡೆ ದುಡಿಯುವ ದಂಪತಿಗೂ ಕೆಲಸದ ಬೇಸರ ಇದ್ದೇ ಇರುತ್ತದೆ. ಆದರೆ ಅವರಲ್ಲಿ ಒಬ್ಬರು ಬೇಸರ ಹೇಳಿಕೊಂಡರೆ ಇನ್ನೊಬ್ಬರು ಕೇಳಿಸಿಕೊಂಡು ಸಮಾಧಾನ ಮಾಡಬಹುದು. ಒಂದೇ ಕಡೆ ದುಡಿಯುವವರಿಗೆ ಆ ಅನುಕೂಲ ಇಲ್ಲ. ಯಾರ ಹತ್ತಿರ ಹೇಳಿಕೊಳ್ಳಬೇಕೋ ಅವರ ಮೇಲೆಯೇ ದೂರು. ಸಾಲದ್ದಕ್ಕೆ ಇಬ್ಬರ ಅನ್ನವೂ ಒಂದೇ ಹಂಡೆಯಲ್ಲಿ ಬೇಯುವುದರಿಂದ, ವ್ಯಾಪಾರ ಕೆಟ್ಟ ತಿಂಗಳು ಮನೆಯಲ್ಲಿ ಇಬ್ಬರೂ ಒಟ್ಟಿಗೇ ಹೆದರಿರುತ್ತಾರೆ. ಇನ್ನೊಬ್ಬರಿಗೆ ಧೈರ್ಯ ಹೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಇಂಥ ಜಗಳಗಳನ್ನು ಹತ್ತಿರದಿಂದ ನೋಡಿದರೆ ಕಾಣುವುದು ಒಂದು ಸಂಗತಿ. ಇವು ಮನೆಗೆ ಬರುವುದಕ್ಕೆ ಸಿಟ್ಟಿನ ಸ್ವಭಾವ ಮುಖ್ಯ ಕಾರಣವಲ್ಲ. "ಇದನ್ನು ತೀರ್ಮಾನಿಸಬೇಕಾದವರು ಯಾರು?" ಎಂಬುದು ಕೆಲಸದ ಜಾಗದಲ್ಲಿ ಇತ್ಯರ್ಥವಾಗದೆ ಉಳಿದಿರುತ್ತದೆ. ಇತ್ಯರ್ಥವಾಗದ ಮಾತು ದಂಪತಿಯ ಬೆನ್ನಿಗೇ ಮನೆಗೆ ಬರುತ್ತದೆ.

ಒಬ್ಬರು ಹೊರಗುಳಿಯುವುದೇ ಪರಿಹಾರವೇ?

ಕರ್ನಾಟಕದ ಅತಿ ಹೆಸರಾದ ದಂಪತಿಯೊಬ್ಬರು ಈ ಪ್ರಶ್ನೆಗೆ ಕಂಪನಿ ಹುಟ್ಟುವಾಗಲೇ ಒಂದು ಉತ್ತರ ಕೊಟ್ಟುಕೊಂಡಿದ್ದರು. 1981ರಲ್ಲಿ ಎನ್.ಆರ್. ನಾರಾಯಣಮೂರ್ತಿ ಆರು ಮಂದಿ ಸಂಗಡಿಗರೊಡನೆ ಇನ್ಫೋಸಿಸ್ ಶುರು ಮಾಡಿದಾಗ ಮೊದಲ ಬಂಡವಾಳವಾಗಿ ಬಂದದ್ದು ಸುಧಾ ಮೂರ್ತಿ ಉಳಿಸಿಟ್ಟಿದ್ದ 10,000 ರೂಪಾಯಿ. ಆದರೆ ಗಂಡ-ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಬಾರದು ಎಂಬುದು ನಾರಾಯಣಮೂರ್ತಿ ಅವರ ನಿಲುವಾಗಿತ್ತು. ಸ್ವತಃ ಎಂಜಿನಿಯರ್ ಆಗಿದ್ದ ಸುಧಾ ಮೂರ್ತಿ ಹೊರಗೇ ಉಳಿದರು. 2024ರ ಆರಂಭದಲ್ಲಿ ಟಿವಿ ಸಂದರ್ಶನವೊಂದರಲ್ಲಿ ನಾರಾಯಣಮೂರ್ತಿ ಅವರು ಆ ನಿಲುವು ತಪ್ಪಾಗಿತ್ತು ಎಂದು ಒಪ್ಪಿಕೊಂಡರು.

ಆ ನಿಯಮದಿಂದ ಕಂಪನಿಯ ಜಗಳ ಮನೆಗೆ ಬರುವ ದಾರಿಯೇನೋ ಮುಚ್ಚಿತು. ಆದರೆ ಅದಕ್ಕೆ ಬೆಲೆ ತೆತ್ತವರು ಒಬ್ಬರೇ. ನಮ್ಮ ಖೇಣಿ ಮನೆಗಳಿಗಂತೂ ಈ ಉತ್ತರ ಒಗ್ಗುವುದೇ ಇಲ್ಲ. ಹೆಂಡತಿ ಲೆಕ್ಕ ಬಿಟ್ಟು ಕೂತರೆ ಸಂಬಳ ಕೊಟ್ಟು ಗುಮಾಸ್ತರನ್ನು ಇಡಬೇಕು. ಅಷ್ಟು ನಂಬಿಕೆಯವರು ಸಿಗುವುದೂ ಕಷ್ಟ. ಆದ್ದರಿಂದ ಇಬ್ಬರೂ ಒಳಗಿದ್ದುಕೊಂಡೇ ದಾರಿ ಹುಡುಕಬೇಕು.

ಮೊದಲು ಜಗಳವನ್ನು ಬಿಡಿಸಿ

ಅಡಿಕೆಯ ಸಿಪ್ಪೆ ಸುಲಿದ ಹಾಗೆ ಆ ರಾತ್ರಿಯ ಜಗಳವನ್ನು ಸುಲಿದು ನೋಡಿದರೆ ಒಳಗೆ ಮೂರು ಬೇರೆ ಬೇರೆ ವಿಷಯಗಳಿವೆ. ಮೂರಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕುವುದರಿಂದಲೇ ಜಗಳ ಮುಗಿಯದೆ ಉಳಿಯುವುದು.

ಮೊದಲನೆಯದು ಲೆಕ್ಕ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ಒಣ ಅಡಿಕೆ ಕೊಡುತ್ತೇವೆ ಎಂದು ತೋಟದವರಿಗೆ ಮಾತು ಕೊಡುವುದು ಖೇಣಿಯ ಒಂದು ರೀತಿ. ಸಾಮಾನ್ಯವಾಗಿ ಆ ಮಾತು 12–13 ಕೆ.ಜಿ. ಆಸುಪಾಸಿನಲ್ಲಿ ನಡೆಯುತ್ತದೆ. ಹೆಂಡತಿಯ ಲೆಕ್ಕದಲ್ಲಿ ಈ ತೋಟಕ್ಕೆ ಹನ್ನೆರಡೂವರೆ ಸರಿ, ಗಂಡ ಒಪ್ಪಿದ್ದು ಹದಿಮೂರು. ತೋಟದಿಂದ 200 ಕ್ವಿಂಟಲ್ ಹಸಿ ಅಡಿಕೆ ಬಂದರೆ ಅರ್ಧ ಕೆ.ಜಿ.ಯ ವ್ಯತ್ಯಾಸ 100 ಕೆ.ಜಿ., ಅಂದರೆ ಒಂದು ಕ್ವಿಂಟಲ್ ಒಣ ಅಡಿಕೆ. ಕ್ವಿಂಟಲ್‌ಗೆ 50,000 ರೂಪಾಯಿ ಎಂದು ಹಿಡಿದರೆ 50,000 ರೂಪಾಯಿ ಕೈಬಿಟ್ಟ ಹಾಗೆ. ಕಾಯಿ ಎಳೆಯದಾಗಿದ್ದರೆ ಒಣಗಿದ ಮೇಲೆ ತೂಕ ಇನ್ನೂ ಇಳಿಯುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ತೋಟ ಕೈಬಿಟ್ಟಿದ್ದರೆ ಸುಲಿಯುವ ಮೆಷಿನ್ನೂ ಕರೆಸಿಕೊಂಡ ಆಳುಗಳೂ ಅಷ್ಟು ದಿನ ಸುಮ್ಮನೆ ಕೂರಬೇಕಿತ್ತು. ಅದರ ನಷ್ಟ ಎಷ್ಟು? ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಬರೆದು ನೋಡಿದರೆ ಮುಗಿಯುವ ವಿಷಯ ಇದು. ಊಟದ ತಟ್ಟೆಯ ಮುಂದೆ ಇದು ಮುಗಿಯದು. ಅಲ್ಲಿ ತೂಕದ ಚೀಟಿಯೂ ಇಲ್ಲ, ಕ್ಯಾಲ್ಕುಲೇಟರೂ ಇಲ್ಲ.

ಎರಡನೆಯದು ಅಧಿಕಾರ. ಹದಿಮೂರಕ್ಕೆ ಒಪ್ಪುವ ಹಕ್ಕು ಗಂಡನೊಬ್ಬನಿಗೇ ಇದೆಯೇ, ಕೇಳಿ ಒಪ್ಪಬೇಕಿತ್ತೇ? ಅದರ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಿಕೊಂಡಿಲ್ಲ. ಗಂಡ ತನಗೆ ಹಕ್ಕಿದೆ ಎಂದುಕೊಂಡಿದ್ದಾನೆ, ಹೆಂಡತಿ ಇಲ್ಲ ಎಂದುಕೊಂಡಿದ್ದಾಳೆ. ಇಬ್ಬರದೂ ಪ್ರಾಮಾಣಿಕವಾದ ನಂಬಿಕೆಯೇ. ಇದಕ್ಕೆ ಮದ್ದು ನಿಯಮ. 50,000 ರೂಪಾಯಿಯ ಲೆಕ್ಕ ಎಷ್ಟು ಸಲ ಮಾಡಿದರೂ ಈ ಪ್ರಶ್ನೆ ತೀರದು, ಮುಂದಿನ ತೋಟಕ್ಕೆ ಹೋದಾಗ ಮತ್ತೆ ಏಳುತ್ತದೆ.

ಮೂರನೆಯದು ಮರ್ಯಾದೆ. ಆ ಮಧ್ಯಾಹ್ನ ಸುಲಿಯುವ ಆಳುಗಳ ಎದುರು ಹೆಂಡತಿ ತೂಕದ ಬಗ್ಗೆ ಒಂದು ಮಾತು ಹೇಳಿದಾಗ ಗಂಡ ಹೇಳಿದ್ದ: "ನೀನು ಲೆಕ್ಕ ಬರಿ ಸಾಕು, ವ್ಯಾಪಾರ ನಿನಗೇನು ಗೊತ್ತು?" ರಾತ್ರಿ ಅಡಿಕೆಯ ಹೆಸರಲ್ಲಿ ಹೊರಬಂದದ್ದು ಈ ಮಾತಿನ ಗಾಯವೂ ಹೌದು. ಇದಕ್ಕೆ ಲೆಕ್ಕವೂ ನಿಯಮವೂ ನಾಟುವುದಿಲ್ಲ. ತಪ್ಪಾಯಿತು ಎನ್ನುವುದೊಂದೇ ದಾರಿ. ಅದನ್ನೂ ಆಡಿದ ಜಾಗದಲ್ಲೇ ಹೇಳಬೇಕು. ನಾಲ್ಕು ಜನರ ಎದುರು ಆಡಿದ ಮಾತಿಗೆ ಮಲಗುವ ಕೋಣೆಯಲ್ಲಿ ಕೇಳುವ ಕ್ಷಮೆ ಸಾಲದು, ಏಕೆಂದರೆ ಮರುದಿನ ಅದೇ ಆಳುಗಳಿಗೆ ಕೂಲಿ ಬಟವಾಡೆ ಮಾಡಬೇಕಾದವಳು ಅವಳು. "ನಿನ್ನೆ ಅಕ್ಕೋರು ಹೇಳಿದ್ದೇ ಸರಿ ಇತ್ತು, ಇನ್ಮೇಲೆ ತೂಕದ ವಿಷಯ ಅವರನ್ನೇ ಕೇಳಿ" ಎಂದು ಆಳುಗಳ ಎದುರು ಆತ ಒಂದು ಮಾತು ಹೇಳಿದರೆ ಅವಳ ಜಾಗ ಅವಳಿಗೆ ಮರಳಿ ಸಿಗುತ್ತದೆ.

ಜಗಳ ಎದ್ದಾಗ ಇಬ್ಬರೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಇದು ಲೆಕ್ಕದ್ದೋ, ಅಧಿಕಾರದ್ದೋ, ಮರ್ಯಾದೆಯದ್ದೋ? ಗುರುತಿಸಲು ಒಂದು ಸುಲಭದ ದಾರಿಯೂ ಇದೆ. ಮೊತ್ತ ಚಿಕ್ಕದಾಗಿದ್ದು ಸಿಟ್ಟು ದೊಡ್ಡದಾಗಿದ್ದರೆ ಅದು ಲೆಕ್ಕದ ಜಗಳವಲ್ಲ. ವಿಷಯ ಬೇರೆ ಬೇರೆಯಾದರೂ "ನನ್ನನ್ನು ಕೇಳಲಿಲ್ಲ" ಎಂಬ ಮಾತು ಪ್ರತಿ ಸಲ ಬರುತ್ತಿದ್ದರೆ ಅದು ಅಧಿಕಾರದ್ದು. "ಎಲ್ಲರ ಮುಂದೆ" ಎಂಬ ಮಾತು ಬಂದರೆ ಮರ್ಯಾದೆಯದ್ದು.

ಒಂದು ಹಾಳೆ, ಮೂರು ಸಾಲು

ಅಧಿಕಾರದ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಗುತ್ತದೆಯೇ ಎಂದು ನೋಡಿದರೆ ಅಲ್ಲೂ ಪೂರ್ತಿ ಸಿಗುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವ್ಯವಹಾರದ ದೈನಂದಿನ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಹೆಚ್ಚು ಪಾಲುದಾರರು ಹೇಳಿದಂತೆ ತೀರ್ಮಾನವಾಗಬಹುದು. ಅದಕ್ಕೆ ಮೊದಲು ಪ್ರತಿಯೊಬ್ಬ ಪಾಲುದಾರನಿಗೂ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ. ವ್ಯವಹಾರದ ಸ್ವರೂಪವನ್ನೇ ಬದಲಿಸಬೇಕಾದರೆ ಎಲ್ಲರೂ ಒಪ್ಪಬೇಕು. ಆದರೆ ಇಬ್ಬರೇ ಇರುವಲ್ಲಿ ಬಹುಮತ ಎಲ್ಲಿಂದ ಬರಬೇಕು? ಒಬ್ಬರು ಹೌದು, ಒಬ್ಬರು ಅಲ್ಲ ಎಂದರೆ ಬಂಡಿ ಅಲ್ಲೇ ನಿಂತಿತು. ಹಾಗಾಗಿ ಗಂಡ-ಹೆಂಡತಿಯ ಪಾಲುದಾರಿಕೆಯಲ್ಲಿ ಯಾವ ವಿಷಯಕ್ಕೆ ಯಾರ ಮಾತು ಕೊನೆಯದು ಎಂಬುದನ್ನು ಮೊದಲೇ ಬರೆದಿಡದೆ ಬೇರೆ ಉಪಾಯವಿಲ್ಲ.

ಬರೆಯುವುದು ಕಷ್ಟವೇನಲ್ಲ. ಒಂದು ಹಾಳೆ ಸಾಕು. ಅದರಲ್ಲಿ ಮೂರು ಸಾಲು ಮಾಡಿ.

ಮೊದಲ ಸಾಲು: ಒಬ್ಬರೇ ತೀರ್ಮಾನಿಸಿ ಆಮೇಲೆ ಹೇಳಿದರೆ ಸಾಕಾದವು. ನಮ್ಮ ಜೋಡಿಯ ಮಟ್ಟಿಗೆ ಹನ್ನೆರಡೂವರೆ ಕೆ.ಜಿ. ಒಳಗಿನ ಖೇಣಿ ಮಾತು ಗಂಡನದು. ದಿನದ ಕೂಲಿ, ಸೌದೆ, ಟಾರ್ಪಾಲ್, ಮೆಷಿನ್ನಿನ ಸಣ್ಣ ರಿಪೇರಿಯ ಖರ್ಚು ಹೆಂಡತಿಯದು. ಈ ಸಾಲಿನ ವಿಷಯದಲ್ಲಿ ಇನ್ನೊಬ್ಬರು "ಯಾಕೆ ಹೀಗೆ ಮಾಡಿದೆ" ಎಂದು ಕೇಳಬಹುದು, ತಿರುಗಿಸುವಂತಿಲ್ಲ.

ಎರಡನೆಯ ಸಾಲು: ತೀರ್ಮಾನ ಒಬ್ಬರದೇ, ಆದರೆ ಮಾಡುವ ಮೊದಲು ಇನ್ನೊಬ್ಬರ ಮಾತು ಕೇಳಲೇಬೇಕಾದವು. ಹನ್ನೆರಡೂವರೆ ಮೀರುವ ಖೇಣಿ, ತೋಟದವರಿಗೆ ದೊಡ್ಡ ಮುಂಗಡ, ಅಡಿಕೆಯನ್ನು ಯಾವ ದಿನ ಮಾರುಕಟ್ಟೆಗೆ ಬಿಡಬೇಕು ಎಂಬುದು ಇಲ್ಲಿಗೆ ಬರುತ್ತವೆ. ತೋಟದ ಯಜಮಾನರ ಎದುರು ಹೆಂಡತಿಗೆ ಫೋನ್ ಮಾಡಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಗಂಡನಿಗಿದ್ದರೆ, "ಲೆಕ್ಕ ನೋಡಿ ನಾಳೆ ಬೆಳಿಗ್ಗೆ ಹೇಳ್ತೀನಿ" ಎಂಬ ಒಂದು ಮಾತು ಅಭ್ಯಾಸವಾದರೆ ಸಾಕು. ಲೆಕ್ಕ ನೋಡುವ ವ್ಯಾಪಾರಿಯನ್ನು ಯಾರೂ ಕೀಳಾಗಿ ಕಾಣುವುದಿಲ್ಲ.

ಮೂರನೆಯ ಸಾಲು: ಇಬ್ಬರೂ ಒಪ್ಪದಿದ್ದರೆ ನಡೆಯಲೇಬಾರದವು. ಒಡವೆ ಅಡ ಇಡುವುದು, ಹೊಸ ಸಾಲ, ಹೊಸ ಮೆಷಿನ್, ನೆಂಟರಿಗೆ ಕೈಗಡ. ಇಲ್ಲಿ ಒಮ್ಮತ ಬಾರದಿದ್ದರೆ ಆ ವರ್ಷ ಆ ಕೆಲಸ ಇಲ್ಲ, ಅಷ್ಟೇ.

ಎರಡನೆಯ ಸಾಲಿನ ವಿಷಯ ಪದೇ ಪದೇ ಸಿಕ್ಕಿಹಾಕಿಕೊಂಡರೆ ಕೇಳಲು ಮೂರನೆಯವರೊಬ್ಬರು ಬೇಕಾಗಬಹುದು. ಅವರು ಯಾರು ಎಂಬುದನ್ನು ಜಗಳ ಇಲ್ಲದ ದಿನವೇ ಗೊತ್ತು ಮಾಡಿಕೊಳ್ಳಬೇಕು. ಲೆಕ್ಕ ನೋಡುವ ಆಡಿಟರೋ ಅನುಭವಿ ಖೇಣಿದಾರರೋ ಆಗಬಹುದು. ಅತ್ತೆ, ಅಣ್ಣ, ಮಾವ ಬೇಡ. ಅವರು ತಿಳಿವಳಿಕೆಯವರಲ್ಲ ಎಂದಲ್ಲ. ಅವರು ಕೊಟ್ಟ ತೀರ್ಪಿನ ನೆನಪು ಆಮೇಲೆ ಮನೆಯ ಪ್ರತಿ ಹಬ್ಬದಲ್ಲೂ ಬಂದು ಕೂರುತ್ತದೆ, ಅದಕ್ಕೆ.

ಹಾಳೆ ಬರೆಯುವಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಲೈಸೆನ್ಸು, ಬ್ಯಾಂಕ್ ಖಾತೆ, ಮಾರುಕಟ್ಟೆಯ ಬಿಲ್ಲು ಎಲ್ಲವೂ ಗಂಡನ ಹೆಸರಿನಲ್ಲಿರುತ್ತವೆ. ಆಗ ಹೆಂಡತಿ ಪಾಲುದಾರಳೂ ಅಲ್ಲ, ಸಂಬಳದ ನೌಕರಳೂ ಅಲ್ಲ. ಜವಾಬ್ದಾರಿ ಉಂಟು, ಹೆಸರಿಲ್ಲ. ಪಾಲುದಾರಿಕೆ ಮಾಡಿಕೊಂಡರೂ ಎಚ್ಚರ ಬೇಕು. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ-ನಷ್ಟ ಸಮಪಾಲು, ಆದರೆ ದುಡಿದದ್ದಕ್ಕೆ ಬೇರೆ ಸಂಬಳ ಕೇಳುವಂತಿಲ್ಲ. ಒಬ್ಬರು ಹೆಚ್ಚು ಹೊತ್ತು ದುಡಿಯುವುದಾದರೆ ಅವರ ಸಂಬಳವನ್ನು ಪಾಲುದಾರಿಕೆ ಪತ್ರದಲ್ಲಿ ಬರೆಸಬೇಕು. "ನಾನು ದುಡಿದದ್ದಕ್ಕೆ ಲೆಕ್ಕವೇ ಇಲ್ಲ" ಎಂಬ ಕೊರಗು ಬೇರೆ ಬೇರೆ ವೇಷ ಹಾಕಿ ರಾತ್ರಿಯ ಜಗಳಕ್ಕೆ ಬರುತ್ತದೆ. ಅದನ್ನು ಪತ್ರದಲ್ಲೇ ತೀರಿಸಿಬಿಡುವುದು ವಾಸಿ.

ಬಾಕಿ ಪುಸ್ತಕ

ನಿಯಮ ಬರೆದ ಮೇಲೂ ಮಾತಾಡಬೇಕಾದ ವಿಷಯಗಳು ದಿನಾ ಹುಟ್ಟುತ್ತವೆ. ಅವಕ್ಕೆ ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಬೇಕು. ಖೇಣಿ ಮನೆಯಲ್ಲಿ ಇದಕ್ಕೆ ತಕ್ಕ ಹೊತ್ತೆಂದರೆ ಬೆಳಿಗ್ಗೆ ಕಣದಲ್ಲಿ ಅಡಿಕೆ ಹರಡಿ ಮುಗಿದು, ತೋಟದಿಂದ ಗಾಡಿ ಇನ್ನೂ ಬಾರದ ನಡುವಿನ ಬಿಡುವು. ಇಪ್ಪತ್ತು ನಿಮಿಷ ಸಾಕು. ಶೆಡ್ಡಿನಲ್ಲೇ, ತೂಕದ ಯಂತ್ರದ ಪಕ್ಕದ ಮೇಜಿನಲ್ಲೇ ಕೂರಿ. ರಾತ್ರಿ ಬೇಡ. ಇಡೀ ದಿನ ದಣಿದ ಮೈ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇರಲಿ. ಅದಕ್ಕೆ ಬಾಕಿ ಪುಸ್ತಕ ಎನ್ನಬಹುದು. ಮನೆಯಲ್ಲಿದ್ದಾಗ ಕೆಲಸದ ವಿಷಯ ತಲೆಗೆ ಬಂದರೆ ಮಾತಾಡದೆ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಬೆಳಿಗ್ಗೆ ಈ ಪುಸ್ತಕಕ್ಕೆ ಏರಿಸುವುದು. ಪುಸ್ತಕ ಶೆಡ್ಡಿನಲ್ಲೇ ಇರಬೇಕು, ಮನೆಗೆ ತರಬಾರದು. ಬರೆಯುವಾಗ ವಿಷಯ ಮಾತ್ರ ಬರೆಯಿರಿ, ದೂರು ಬೇಡ. "ನೀವು ಯಾವಾಗಲೂ ಕೇಳದೆ ಒಪ್ಪಿಕೊಳ್ಳುತ್ತೀರಿ" ಎಂಬುದು ದೂರು. "ಕೆರೆ ಪಕ್ಕದ ತೋಟ, ಹದಿಮೂರಕ್ಕೆ ಮಾತಾಗಿದೆ, ಹನ್ನೆರಡೂವರೆಗೆ ಇಳಿಸಲು ಆಗುತ್ತದಾ?" ಎಂಬುದು ವಿಷಯ. ಎರಡನೆಯದಕ್ಕೆ ಉತ್ತರ ಕೊಡಬಹುದು, ಮೊದಲನೆಯದಕ್ಕೆ ಸಿಗುವುದು ಎದುರು ದೂರು.

ಬೆಳಿಗ್ಗೆ ಕೂತಾಗ ಪ್ರತಿ ವಿಷಯದ ಮುಂದೆ ಮೂರರಲ್ಲಿ ಒಂದು ಮಾತು ಬರೆದು ಮುಗಿಸಿ: ತೀರ್ಮಾನ ಇದು, ಅಥವಾ ಇಂಥವರು ತೀರ್ಮಾನಿಸುತ್ತಾರೆ, ಅಥವಾ ಇಂಥ ದಿನ ಮತ್ತೆ ಕೂರುತ್ತೇವೆ. "ನೋಡೋಣ" ಎಂದು ಬರೆಯಬೇಡಿ. ನೋಡೋಣ ಎಂದದ್ದೇ ರಾತ್ರಿ ಊಟದ ಹೊತ್ತಿಗೆ ವಾಪಸು ಬರುವುದು.

ತುರ್ತು ವಿಷಯ ಬಂದರೆ ಏನು ಮಾಡುವುದು? ಅದಕ್ಕೂ ಕಣದಲ್ಲೇ ಒಂದು ಅಳತೆಯಿದೆ. ಬೆಳಿಗ್ಗೆವರೆಗೆ ಬಿಟ್ಟರೆ ಅಡಿಕೆ ನೆನೆಯುತ್ತದೆಯೇ? ಮೋಡ ಕಟ್ಟಿದೆ, ಬೇಯಿಸಿದ ಅಡಿಕೆ ಕಣದಲ್ಲಿ ಬಿದ್ದಿದೆ, ಟಾರ್ಪಾಲ್ ಎಳೆಯಬೇಕು. ಇಂಥದ್ದನ್ನು ಊಟದ ನಡುವೆಯೂ ಹೇಳಬೇಕು, ಎದ್ದು ಓಡಬೇಕು. ನೆನೆದರೆ ಬೂಷ್ಟು ಹಿಡಿದು ಮಾಲು ಕೆಡುತ್ತದೆ. ಆದರೆ ಕೊಟ್ಟಾಗಿರುವ ಮಾತು, ಆಗಿಹೋದ ತೂಕ, ಮುಂದಿನ ವಾರದ ಮುಂಗಡ ರಾತ್ರಿಯಿಂದ ಬೆಳಗಾಗುವುದರೊಳಗೆ ಕೆಡುವುದಿಲ್ಲ. ಅವು ಪುಸ್ತಕಕ್ಕೆ.

ಮನೆಗೆ ಬಂದ ಮೊದಲ ಅರ್ಧ ಗಂಟೆ

ವಿಮಾನ ಸಂಚಾರ ನಿಯಂತ್ರಕರ ಕುಟುಂಬಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ರೆನಾ ರೆಪೆಟ್ಟಿ ಅಧ್ಯಯನ ಮಾಡಿದ್ದಾರೆ. 1989ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕೆಲಸದ ಒತ್ತಡ ಹೆಚ್ಚಿದ್ದ ದಿನ ನಿಯಂತ್ರಕರು ಮನೆಗೆ ಬಂದು ಮೌನವಾಗಿ ತಮ್ಮೊಳಗೆ ಸೇರಿಕೊಳ್ಳುತ್ತಿದ್ದರು. ಬಾಳಸಂಗಾತಿ ಅದಕ್ಕೆ ಆಸರೆಯಾಗಿ ನಿಂತ ದಿನಗಳಲ್ಲಿ ಆ ಹಿಂಜರಿತ ಹೆಚ್ಚು ಕಾಣುತ್ತಿತ್ತು, ಸಿಟ್ಟು ಕಡಿಮೆಯಿರುತ್ತಿತ್ತು. ದಣಿದವರನ್ನು ಸ್ವಲ್ಪ ಹೊತ್ತು ಅವರಷ್ಟಕ್ಕೆ ಬಿಡುವುದೂ ಒಂದು ಆಸರೆ.

ಒಂದೇ ಕಡೆ ದುಡಿಯುವ ದಂಪತಿಗೆ ಇಲ್ಲೇ ಒಂದು ತೊಡಕು. ಇಬ್ಬರೂ ಒಟ್ಟಿಗೇ ದಣಿದು ಬರುತ್ತಾರೆ. ಒಬ್ಬರ ಮೌನ ಇನ್ನೊಬ್ಬರಿಗೆ "ನನ್ನ ಮೇಲಿನ ಮುನಿಸು" ಎಂದು ಕಾಣುತ್ತದೆ. ಆದ್ದರಿಂದ ಮೌನಕ್ಕೆ ಮೊದಲು ಒಂದು ಮಾತು ಬೇಕು: "ಇವತ್ತು ಸಾಕಾಗಿದೆ, ಅರ್ಧ ಗಂಟೆ ಬಿಡು, ಆಮೇಲೆ ಕೂರೋಣ." ಈ ಅರ್ಧ ಗಂಟೆಯೂ ಇಬ್ಬರಿಗೂ ಸಿಗಬೇಕು. ಗಂಡ ಸ್ನಾನ ಮಾಡಿ ಜಗಲಿಯಲ್ಲಿ ಕೂತಿರುವಾಗ ಹೆಂಡತಿ ನೇರವಾಗಿ ಒಲೆಯ ಮುಂದೆ ನಿಂತರೆ ಬಿಡುವು ಸಿಕ್ಕಿದ್ದು ಒಬ್ಬರಿಗೇ. ಸುಗ್ಗಿಯ ದಿನಗಳಲ್ಲಿ ರಾತ್ರಿ ಅಡುಗೆಯನ್ನು ಸರದಿಯಂತೆ ಹಂಚಿಕೊಳ್ಳುವುದು ಜಗಳ ತಡೆಯುವ ಕ್ರಮವೇ. ದಿನವಿಡೀ ಕಣದಲ್ಲಿ ಸಮಾನವಾಗಿ ದುಡಿದವಳಿಗೆ ಮನೆಯಲ್ಲಿ ಎರಡನೇ ಪಾಳಿ ಒಬ್ಬಳದೇ ಆದರೆ ಅರ್ಧ ಕೆ.ಜಿ. ಅಡಿಕೆಯ ಮಾತು ಆ ಪಾಳಿಯ ಭಾರವನ್ನೂ ಹೊತ್ತುಕೊಂಡು ಬರುತ್ತದೆ.

ಆದರೂ ಜಗಳ ಎದ್ದರೆ

ಎಷ್ಟು ಜಾಗ್ರತೆ ಮಾಡಿದರೂ ಕೆಲವು ರಾತ್ರಿ ಮಾತು ಹತ್ತಿಯೇ ಹತ್ತುತ್ತದೆ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್ಮನ್ ಹೇಳುವ ಒಂದು ಗುರುತು ಉಪಯೋಗದ್ದು. ಎದೆಬಡಿತ ನಿಮಿಷಕ್ಕೆ ಸುಮಾರು 100 ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಆಗ ಕನಿಷ್ಠ 20 ನಿಮಿಷ ಬೇರಾಗಬೇಕು. ಎದ್ದು ಹೋಗುವಾಗ ಯಾವಾಗ ಬರುತ್ತೇನೆಂದು ಹೇಳಿ ಹೋಗಿ. "ದನಕ್ಕೆ ಹುಲ್ಲು ಹಾಕಿ ಬರ್ತೀನಿ, ಆಮೇಲೆ ಮಾತಾಡೋಣ" ಎಂದರೆ ಅದು ಬಿಡುವು. ಬಾಗಿಲು ಬಡಿದು ಹೋದರೆ ಅದು ಇನ್ನೊಂದು ಏಟು. ಹೋದ ಮೇಲೆ ಆ 20 ನಿಮಿಷ ಮನಸ್ಸಿನಲ್ಲೇ ಉತ್ತರ ಹೆಣೆಯುತ್ತ ಕೂತರೆ ಎದೆಬಡಿತ ಇಳಿಯುವುದಿಲ್ಲ. ಕೈಗೆ ಕೆಲಸ ಕೊಡಿ.

ಮರುದಿನ ಮಾಡಬಹುದಾದದ್ದು ಇನ್ನೊಂದಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಲಿ ಫಿಂಕೆಲ್ ಮತ್ತು ಸಂಗಡಿಗರು 120 ದಂಪತಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದದ್ದು ಅದು. ಅರ್ಧದಷ್ಟು ದಂಪತಿಗಳಿಗೆ ತಮ್ಮ ಇತ್ತೀಚಿನ ಜಗಳವನ್ನು ಇಬ್ಬರಿಗೂ ಒಳ್ಳೆಯದನ್ನೇ ಬಯಸುವ ಮೂರನೆಯವರೊಬ್ಬರು ಹೇಗೆ ನೋಡುತ್ತಿದ್ದರು ಎಂದು ಏಳು ನಿಮಿಷ ಬರೆಯಲು ಹೇಳಲಾಯಿತು. ವರ್ಷಕ್ಕೆ ಮೂರು ಸಲ, ಒಟ್ಟು 21 ನಿಮಿಷ. ಜಗಳಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಆದರೆ ಜಗಳದಿಂದ ಆಗುವ ಸಂಕಟ ಕಡಿಮೆಯಾಯಿತು. ಬರೆಯದ ದಂಪತಿಗಳ ದಾಂಪತ್ಯದ ತೃಪ್ತಿ ಇಳಿಯುತ್ತ ಹೋದರೆ ಬರೆದವರಲ್ಲಿ ಅದು ಇಳಿಯದೆ ನಿಂತಿತು.

ನಮ್ಮ ಜೋಡಿಯ ಜಗಳವನ್ನು ಹಾಗೆ ಬರೆದರೆ ಹೀಗಿರಬಹುದು: "ಒಬ್ಬರು ತೋಟ ಕೈತಪ್ಪುತ್ತದೆಂದು ಹೆದರಿದರು. ಇನ್ನೊಬ್ಬರು ದುಡ್ಡು ಸಾಲದೆಂದು ಹೆದರಿದರು. ಇಬ್ಬರ ಹೆದರಿಕೆಯೂ ಈ ವರ್ಷದ ಸಾಲ ತೀರುವ ಬಗ್ಗೆಯೇ." ಇಷ್ಟು ಬರೆದ ಮೇಲೆ ಅಲ್ಲಿ ಎದುರಾಳಿ ಉಳಿಯುವುದಿಲ್ಲ, ಸಾಲ ಉಳಿಯುತ್ತದೆ. ಆ ಸಾಲದ ಬಗ್ಗೆ ಇಬ್ಬರೂ ಒಟ್ಟಿಗೆ ಕೂತು ಮಾತಾಡಬಹುದು.

ಸಂಬಳದ ಕೆಲಸದಲ್ಲಿದ್ದರೆ

ಒಂದೇ ಶಾಲೆ, ಒಂದೇ ಆಸ್ಪತ್ರೆ, ಒಂದೇ ಬ್ಯಾಂಕ್ ಶಾಖೆ, ಬೆಂಗಳೂರಿನ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿರುವ ದಂಪತಿಗೆ ಹಾಳೆ ಬರೆಯುವ ಸ್ವಾತಂತ್ರ್ಯ ಅಷ್ಟಿಲ್ಲ. ಅಲ್ಲಿ ಅಧಿಕಾರವನ್ನು ಸಂಸ್ಥೆ ಹಂಚಿರುತ್ತದೆ. ಅವರು ಮೊದಲು ನೋಡಬೇಕಾದದ್ದು ಒಂದನ್ನೇ: ಒಬ್ಬರ ರಜೆ, ಬಡ್ತಿ, ಕೆಲಸದ ಮೌಲ್ಯಮಾಪನಕ್ಕೆ ಇನ್ನೊಬ್ಬರು ಸಹಿ ಹಾಕುವಂತಿದೆಯೇ? ಹಾಗಿದ್ದರೆ ಮನೆಯಲ್ಲಿ ಎಷ್ಟು ಸಂಯಮ ಇಟ್ಟುಕೊಂಡರೂ ಜಗಳ ತಪ್ಪದು. ಲಿಖಿತವಾಗಿ ಕೇಳಿ ಆ ಸಹಿಯನ್ನು ಬೇರೆ ಅಧಿಕಾರಿಗೆ ವರ್ಗಾಯಿಸಿಕೊಳ್ಳಿ, ಅಥವಾ ವಿಭಾಗ ಬದಲಿಸಿಕೊಳ್ಳಿ. ಕೇಂದ್ರ ಸರ್ಕಾರ ತನ್ನ ನೌಕರ ದಂಪತಿಗಳನ್ನು ಸಾಧ್ಯವಾದಷ್ಟು ಒಂದೇ ಸ್ಥಳಕ್ಕೆ ನಿಯೋಜಿಸಬೇಕೆಂದು 1986ರಲ್ಲಿ ಸೂಚಿಸಿ 2009ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆ ಸೂಚನೆ ಹೇಳುವುದು ಒಂದೇ ಊರು ಎಂದು, ಒಂದೇ ಮೇಜು ಎಂದಲ್ಲ. ಮನೆ ಒಂದೇ ಊರಲ್ಲಿದ್ದು ಕೆಲಸದ ಸಾಲು ಬೇರೆಯಾಗಿರುವುದೇ ಒಳ್ಳೆಯದು.

ಎರಡನೆಯದು, ಸಂದೇಶ ಹೊರುವ ಕೆಲಸ. "ನಿಮ್ಮ ಮನೆಯವರಿಗೆ ಹೇಳಿಬಿಡಿ, ನಾಳೆ ರಿಪೋರ್ಟ್ ಬೇಕು" ಎಂದು ಮೇಲಧಿಕಾರಿ ಸಲುಗೆಯಿಂದ ಹೇಳಬಹುದು. ಒಮ್ಮೆ ಒಪ್ಪಿಕೊಂಡರೆ ಮನೆಯಲ್ಲಿ ನೀವು ಅಧಿಕಾರಿಯ ದನಿಯಾಗುತ್ತೀರಿ. "ದಯವಿಟ್ಟು ನೇರವಾಗಿ ಅವರಿಗೇ ತಿಳಿಸಿ" ಎಂದು ಮೊದಲ ದಿನವೇ ವಿನಯವಾಗಿ ಹೇಳುವುದು ಸರಿ. ಹಾಗೆಯೇ ಸಂಗಾತಿಯ ಬಗ್ಗೆ ಕಚೇರಿಯಲ್ಲಿ ಕೇಳಿದ ಟೀಕೆಯನ್ನು ಮನೆಗೆ ತರಬೇಡಿ. ಅದು ನಿಜವಾಗಿದ್ದರೆ ಅವರಿಗೆ ಹೇಳಬೇಕಾದವರು ನೀವಲ್ಲ.

ಈ ದಾರಿ ಎಲ್ಲಿ ನಿಲ್ಲುತ್ತದೆ

ಹಾಳೆ, ಪುಸ್ತಕ, ಬಿಡುವು ಇವೆಲ್ಲ ಕೆಲಸ ಮಾಡುವುದು ಇಬ್ಬರಿಗೂ ಹೆದರದೆ ಮಾತಾಡುವ ಧೈರ್ಯ ಇದ್ದಾಗ. ಒಬ್ಬರು ಇನ್ನೊಬ್ಬರಿಗೆ ಹೆದರಿ ಹಾಳೆಗೆ ಸಹಿ ಹಾಕಿದರೆ ಅದಕ್ಕೆ ಅರ್ಥವಿಲ್ಲ. ಕೈ ಎತ್ತುವುದು, ಕುಡಿದು ಬೈಯುವುದು, ದುಡಿದ ದುಡ್ಡನ್ನು ಕೈಗೆ ಕೊಡದೆ ಸತಾಯಿಸುವುದು ಭಿನ್ನಾಭಿಪ್ರಾಯವಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹಣಕಾಸಿನ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಅಂಥಲ್ಲಿ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬೇಕು. ನಿದ್ದೆ ಬಾರದಿರುವುದು, ಬೆಳಿಗ್ಗೆ ಕಣಕ್ಕೆ ಹೋಗಲು ಕಾಲೇ ಬಾರದಿರುವುದು ವಾರಗಟ್ಟಲೆ ಮುಂದುವರಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಉಳಿದ ಜಗಳಗಳಲ್ಲಿ ದಾರಿ ಸರಿಯಿದೆಯೇ ಎಂದು ತಿಳಿಯಲು ಬಾಕಿ ಪುಸ್ತಕವನ್ನೇ ತಿರುವಿ ನೋಡಿ. ಒಂದೇ ವಿಷಯ ಮೂರು ಸಲ ಬಂದಿದ್ದರೆ ಅದು ಲೆಕ್ಕದ್ದಲ್ಲ, ಹಾಳೆಯ ನಿಯಮವೇ ಸರಿಯಿಲ್ಲ. ನಿಯಮ ಬದಲಿಸಿ. ಪುಸ್ತಕ ಖಾಲಿಯಿದ್ದು ಮನೆಯಲ್ಲಿ ಬಿಗಿಮೌನ ಇದ್ದರೆ ಯಾರೋ ಒಬ್ಬರು ಬರೆಯುವುದನ್ನೇ ಬಿಟ್ಟಿದ್ದಾರೆ ಎಂದರ್ಥ. ಅದು ಜಗಳಕ್ಕಿಂತ ಕೆಟ್ಟ ಲಕ್ಷಣ. ಯಾಕೆ ಬರೆಯುತ್ತಿಲ್ಲ ಎಂದು ಇನ್ನೊಬ್ಬರು ಕೇಳಬೇಕು, ಪೂರ್ತಿ ಕೇಳಿಸಿಕೊಳ್ಳಬೇಕು.

ಜನವರಿ ಹೊತ್ತಿಗೆ ಕೊನೆಯ ಕೊಯ್ಲು ಮುಗಿದು, ತೋಟದವರ ಲೆಕ್ಕ ಚುಕ್ತವಾಗಿ, ಕಣ ಗುಡಿಸಿದ ಮೇಲೆ ಆ ದಂಪತಿ ಪುಸ್ತಕ ಬಿಚ್ಚಿ ಕೂರಲಿ. ಹದಿಮೂರಕ್ಕೆ ಒಪ್ಪಿದ ತೋಟದಲ್ಲಿ ನಿಜವಾಗಿ ಕ್ವಿಂಟಲ್‌ಗೆ ಎಷ್ಟು ಕೆ.ಜಿ. ಒಣ ಅಡಿಕೆ ಇಳಿಯಿತು ಎಂಬುದು ಈಗ ತೂಕದ ಚೀಟಿಗಳಲ್ಲಿದೆ. ಆ ಅಂಕಿಯನ್ನು ಮುಂದಿನ ಸುಗ್ಗಿಯ ಪುಸ್ತಕದ ಮೊದಲ ಪುಟದಲ್ಲಿ ಬರೆಯಲಿ. ಬರುವ ವರ್ಷ ಗಂಡ ಅದೇ ತೋಟಕ್ಕೆ ಮಾತಾಡಲು ಹೋಗುವಾಗ ಅವನ ಜೇಬಿನಲ್ಲಿ ಇರುವುದು ಇಬ್ಬರೂ ಕೂಡಿ ಹಾಕಿದ ಲೆಕ್ಕ.